ಸರಿಯಾಗಿ ಒಂದು ವರ್ಷಕ್ಕೆ ಷೇರು ಮಾರಿದೆ, ಆದರೂ ಶಾರ್ಟ್ ಟರ್ಮ್ ಅಂತೆ! ಸೈಟು, ಚಿನ್ನ ಮಾರುವ ಮುಂಚೆ ಕೇಳುತ್ತಿದ್ದೇನೆ

ಹಾಸನದ_ಹುಡುಗ · 18 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ಊರಲ್ಲಿ ಮನೆ ಕಟ್ಟಿಸಲು ಹೊರಟಿದ್ದೇನೆ. ವಿಭಾಗದಲ್ಲಿ ಬಂದ ಜಾಗ ಇದೆ, ಕಟ್ಟುವುದಕ್ಕೆ ದುಡ್ಡು ಬೇಕು. ಅದಕ್ಕೆ ಒಂದೊಂದಾಗಿ ಮಾರುತ್ತಿದ್ದೇನೆ.

ಮೊದಲು ಷೇರು. 2024ರ ನವೆಂಬರ್ 14ಕ್ಕೆ ಕೊಂಡಿದ್ದೆ. ಒಂದು ವರ್ಷ ಆಗಲಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾದು, ಈ ನವೆಂಬರ್ 14ರ ಶುಕ್ರವಾರ ಬೆಳಿಗ್ಗೆ ಮಾರಿದೆ. ಲಾಭ 1,80,000. ಈಗ ಬ್ರೋಕರ್ ಆ್ಯಪಿನ ರಿಪೋರ್ಟಿನಲ್ಲಿ ಅಷ್ಟೂ ಶಾರ್ಟ್ ಟರ್ಮ್ ಎಂದು ತೋರಿಸುತ್ತಿದೆ. 365 ದಿನ ಆಗಿದೆಯಲ್ಲ?

ಇನ್ನು ಮಾರಬೇಕಾದ್ದು:
ಡೆಟ್ ಫಂಡ್. 2023ರ ಜನವರಿಯಲ್ಲಿ 3 ಲಕ್ಷ ಒಟ್ಟಿಗೆ ಹಾಕಿದ್ದು, ಆಮೇಲೆ ಮೇ 2023ರಿಂದ ಅದೇ ಫಂಡಿನಲ್ಲಿ ಎಸ್‌ಐಪಿ.
ಅಮ್ಮನ ಬಳೆ, 40 ಗ್ರಾಂ. ಈ ಮಾರ್ಚ್‌ನಲ್ಲಿ ನನಗೆ ಕೊಟ್ಟರು.
ತುಮಕೂರಿನ ಹತ್ತಿರ ಒಂದು ಸೈಟು. ಅಗ್ರಿಮೆಂಟ್ 2023ರ ಆಗಸ್ಟ್ 20, ರಿಜಿಸ್ಟ್ರೇಷನ್ 2024ರ ಜನವರಿ 10. 18 ಲಕ್ಷಕ್ಕೆ ಕೊಂಡಿದ್ದು, ಈಗ 27 ಲಕ್ಷಕ್ಕೆ ಪಾರ್ಟಿ ಬಂದಿದ್ದಾರೆ. ಡಿಸೆಂಬರ್ ಮೊದಲ ವಾರವೇ ಕ್ರಯ ಮಾಡಿಸಿಕೊಡಿ ಎನ್ನುತ್ತಿದ್ದಾರೆ.

ಷೇರಿನಲ್ಲಿ ಎಡವಿದ ಹಾಗೆ ಇವುಗಳಲ್ಲಿ ಎಡವಬಾರದು. ದಯವಿಟ್ಟು ಹೇಳಿ.

---

ಸುಮ್ನೆ_ಬಂದೆ

365 ದಿನ ಆಯಿತು ಅಂದಮೇಲೆ ಲಾಂಗ್ ಟರ್ಮ್. ಆ್ಯಪಿನವರು ತಪ್ಪು ತೋರಿಸುತ್ತಿದ್ದಾರೆ, ಕಂಪ್ಲೇಂಟ್ ಹಾಕಿ.

---

ಲೆಕ್ಕದ_ಪುಸ್ತಕ

ಕಂಪ್ಲೇಂಟ್ ಹಾಕಬೇಡಿ, ಆ್ಯಪ್ ಸರಿಯಾಗಿಯೇ ಇದೆ.

ಕಾನೂನಿನಲ್ಲಿ 365 ಎಂಬ ಸಂಖ್ಯೆಯೇ ಇಲ್ಲ. ಮಾರಿದ ದಿನಕ್ಕೆ ಹಿಂದಿನ ಅವಧಿ ನೋಡಿದಾಗ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿರದಿದ್ದರೆ ಶಾರ್ಟ್ ಟರ್ಮ್ ಎಂದಿದೆ. ಹನ್ನೆರಡು ತಿಂಗಳು ತುಂಬಿದರೆ ಸಾಲದು, ದಾಟಬೇಕು. ನವೆಂಬರ್ 14ಕ್ಕೆ ಕೊಂಡಿರಿ. ಮಾರಿದ ದಿನವನ್ನು ಬಿಟ್ಟು ಹಿಂದಕ್ಕೆ ಎಣಿಸಿದರೆ ಈ ನವೆಂಬರ್ 13ಕ್ಕೆ ಸರಿಯಾಗಿ ಹನ್ನೆರಡು ತಿಂಗಳು. ಒಂದು ದಿನವೂ ಹೆಚ್ಚಿಲ್ಲ. ನೀವು ಸೋಮವಾರ 17ಕ್ಕೆ ಮಾರಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ವ್ಯತ್ಯಾಸ ಎಷ್ಟು ಅಂತೀರಾ? ಶಾರ್ಟ್ ಟರ್ಮ್ ಆದರೆ 1,80,000ಕ್ಕೆ 20%, ಅಂದರೆ 36,000. ಲಾಂಗ್ ಟರ್ಮ್ ಆಗಿದ್ದರೆ ಮೊದಲ 1,25,000ಕ್ಕೆ ತೆರಿಗೆ ಇಲ್ಲ, ಉಳಿದ 55,000ಕ್ಕೆ 12.5%, ಅಂದರೆ 6,875. ಎರಡಕ್ಕೂ ಮೇಲೆ 4% ಸೆಸ್. ಒಟ್ಟು 30 ಸಾವಿರ ಚಿಲ್ಲರೆ ಹೋಯಿತು. ಒಂದು ಶನಿವಾರ ಭಾನುವಾರದ ಬೆಲೆ.

---

ಹಾಸನದ_ಹುಡುಗ

ಅಯ್ಯೋ ದೇವರೇ. ಶುಕ್ರವಾರ ಒಳ್ಳೆಯ ದಿನ ಎಂದು ಅಮ್ಮ ಹೇಳಿದ್ದಕ್ಕೇ ಮಾರಿದ್ದು ಸಾರ್.

---

ಸುಮ್ನೆ_ಬಂದೆ

ಹಾಗಾದರೆ ಶನಿವಾರ 15 ಟ್ರೇಡಿಂಗ್ ದಿನ ಆಗಿದ್ದರೆ? ಆಗ ಲಾಂಗ್ ಟರ್ಮಾ?

---

ಲೆಕ್ಕದ_ಪುಸ್ತಕ

ಕೊಂಡ ದಿನವನ್ನೂ ಸೇರಿಸಿ ಎಣಿಸಿದರೆ ಹೌದು. ಕೊಂಡ ದಿನವನ್ನು ಬಿಟ್ಟು ಎಣಿಸುವವರೂ ಇದ್ದಾರೆ, ಅವರ ಲೆಕ್ಕದಲ್ಲಿ 15 ಕೂಡ ಸಾಲದು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ತಾರೀಖು ಮುಗಿದ ಮೇಲೆ ಎರಡು ದಿನ ಬಿಟ್ಟು ಮಾರಿ ಅಂತ. ಎರಡು ದಿನದ ಆಸೆಗೆ ನೋಟಿಸಿಗೆ ಉತ್ತರ ಬರೆಯುತ್ತ ಕೂರುವುದು ಯಾಕೆ? ಇನ್ನೊಂದು, ಲೆಕ್ಕಕ್ಕೆ ಬರುವುದು ಕಾಂಟ್ರ್ಯಾಕ್ಟ್ ನೋಟ್ ತಾರೀಖು. ಷೇರು ಡಿಮ್ಯಾಟಿಗೆ ಬಂದು ಬಿದ್ದ ದಿನವಲ್ಲ.

---

ಗಿರಿಜಕ್ಕ

ತಮ್ಮಾ, ಹೋದದ್ದು ಹೋಯಿತು ಎಂದು ಕೂರಬೇಡ. ನಷ್ಟದಲ್ಲಿರುವ ಷೇರು ಯಾವುದಾದರೂ ಇದೆಯಾ? ಯಾವಾಗ ಕೊಂಡಿದ್ದು?

---

ಹಾಸನದ_ಹುಡುಗ

ಇದೆ ಅಕ್ಕಾ, ಯಾಕಿಲ್ಲ! ಈ ಜನವರಿ 20ಕ್ಕೆ ಕೊಂಡಿದ್ದು, 60 ಸಾವಿರ ಮುಳುಗಿದೆ. ವರ್ಷ ಆಗಲಿ, ಲಾಂಗ್ ಟರ್ಮ್ ಆದಮೇಲೆ ಮಾರೋಣ ಎಂದಿದ್ದೆ.

---

ಗಿರಿಜಕ್ಕ

ಅದನ್ನೇ ಕೇಳಿದ್ದು. ನಷ್ಟಕ್ಕೆ ಲೆಕ್ಕ ಉಲ್ಟಾ! ಲಾಭ ಇದ್ದರೆ ವರ್ಷ ದಾಟಿಸು, ನಷ್ಟ ಇದ್ದರೆ ವರ್ಷ ದಾಟುವ ಮುಂಚೆ ಮಾರು. ಶಾರ್ಟ್ ಟರ್ಮ್ ನಷ್ಟವನ್ನು ಎರಡೂ ಥರದ ಲಾಭದಲ್ಲಿ ಕಳೆಯಬಹುದು. ಲಾಂಗ್ ಟರ್ಮ್ ನಷ್ಟವನ್ನು ಲಾಂಗ್ ಟರ್ಮ್ ಲಾಭದಲ್ಲಿ ಮಾತ್ರ. ಈಗಲೇ ಮಾರಿದರೆ 1,80,000ದಲ್ಲಿ 60,000 ಕಳೆದು 1,20,000ಕ್ಕೆ ತೆರಿಗೆ. 12 ಸಾವಿರ ಉಳಿಯಿತು. ನೀನು ಜನವರಿ ಕೊನೆವರೆಗೆ ಕಾದಿದ್ದರೆ ಆ ನಷ್ಟ ಈ ಲಾಭದ ಹತ್ತಿರಕ್ಕೂ ಬರುತ್ತಿರಲಿಲ್ಲ.

ನಮ್ಮ ಯಜಮಾನರು ಹೋದ ವರ್ಷ ಇದೇ ತಪ್ಪು ಮಾಡಿದರು, ಅದಕ್ಕೇ ಗೊತ್ತು.

---

ಬೆಳಗಾವಿ_ಬಸ್ಯಾ

ಅಕ್ಕಾರ ಮಾತು ಖರೆ ಐತಿ. ಆದ್ರ ಡೆಟ್ ಫಂಡಿಗೆ ಮೂರು ವರ್ಷ ಆಗಬೇಕ್ರಿ ಹುಡುಗಾ. ಜನವರಿ 2026ಕ್ಕ ನಿಮ್ಮ ಮೊದಲನೇ ಮೂರು ಲಕ್ಷಕ್ಕ ಮೂರು ವರ್ಷ ಆಗತೈತಿ. ಅಲ್ಲೀತನ ತಡೀರಿ. ಇಂಡೆಕ್ಸೇಷನ್ ಹಾಕಿ 20%.

---

ಲೆಕ್ಕದ_ಪುಸ್ತಕ

ಬಸಣ್ಣ, ಅದು ಹಳೆಯ ಲೆಕ್ಕ. 2024ರ ಜುಲೈ 23ರಿಂದ ಮೂರು ವರ್ಷ ಎಂಬುದೇ ಹೋಯಿತು. ಪಟ್ಟಿಯಾದ ಷೇರು, ಈಕ್ವಿಟಿ ಫಂಡು, ಇಟಿಎಫ್ ಥರದವಕ್ಕೆ ಹನ್ನೆರಡು ತಿಂಗಳು. ಸೈಟು, ಚಿನ್ನ, ಮಿಕ್ಕಿದ್ದಕ್ಕೆಲ್ಲ ಇಪ್ಪತ್ನಾಲ್ಕು. ಹಣದುಬ್ಬರಕ್ಕೆ ತಕ್ಕಂತೆ ಅಸಲನ್ನು ಏರಿಸಿಕೊಳ್ಳುವ ಇಂಡೆಕ್ಸೇಷನ್ನೂ ಹೋಯಿತು, ಹಳೆಯ ಜಮೀನು ಕಟ್ಟಡಕ್ಕೆ ಒಂದು ರಿಯಾಯಿತಿ ಬಿಟ್ಟು.

ಡೆಟ್ ಫಂಡ್ ಮಾತ್ರ ಎರಡು ಹೋಳಾಗಿದೆ. 2023ರ ಮಾರ್ಚ್ 31ರವರೆಗೆ ಕೊಂಡ ಯೂನಿಟ್ಟುಗಳಿಗೆ ಇಪ್ಪತ್ನಾಲ್ಕು ತಿಂಗಳು ದಾಟಿದರೆ ಲಾಂಗ್ ಟರ್ಮ್, 12.5%. ಏಪ್ರಿಲ್ 1ರಿಂದ ಈಚೆಗೆ ಕೊಂಡದ್ದಕ್ಕೆ ಗಡಿಯಾರವೇ ಇಲ್ಲ. ಹತ್ತು ವರ್ಷ ಇಟ್ಟರೂ ಶಾರ್ಟ್ ಟರ್ಮ್, ಸಂಬಳಕ್ಕೆ ಸೇರಿಸಿ ಸ್ಲ್ಯಾಬ್ ಪ್ರಕಾರ ಕಟ್ಟಬೇಕು.

ಹುಡುಗನ ಜನವರಿ 2023ರ ಮೂರು ಲಕ್ಷ ಆಗಲೇ ಲಾಂಗ್ ಟರ್ಮ್. ಕಾಯುವ ಕೆಲಸ ಇಲ್ಲ. ಒಂದೇ ಫಂಡ್, ಒಂದೇ ಫೋಲಿಯೋ ಆದ್ದರಿಂದ ಹಳೆಯ ಯೂನಿಟ್ಟುಗಳೇ ಮೊದಲು ಹೋಗುತ್ತವೆ. ಆ ಮೂರು ಲಕ್ಷದ ಯೂನಿಟ್ ಎಷ್ಟಿವೆಯೋ ಎಣಿಸಿ ಅಷ್ಟು ಮಾತ್ರ ತೆಗೆಯಿರಿ. ಎಸ್‌ಐಪಿ ಭಾಗವನ್ನು ಕಾದರೂ ಒಂದೇ, ಇವತ್ತೇ ತೆಗೆದರೂ ಒಂದೇ.

---

ಬೆಳಗಾವಿ_ಬಸ್ಯಾ

ಇದ್ಯಾವಾಗ ಬದಲಾತ್ರಿ! ನಾನು ಮಗಳ ಮದುವಿಗೆ ಅಂತ 2023ರ ದೀಪಾವಳಿಗೆ ಹಾಕಿದ್ದು ಮೂರು ವರ್ಷ ಆಗಲಿ ಅಂತ ಕಾಯಾಕತ್ತೀನಿ 😐

---

ಗಿರಿಜಕ್ಕ

ಬಸಣ್ಣ, ಆ ದುಡ್ಡು ಮನೆಯವರ ಸ್ವಂತದ್ದಾಗಿ ಅವರ ಹೆಸರಲ್ಲೇ ಇದ್ದು ಅವರಿಗೆ ಬೇರೆ ವರಮಾನ ಇಲ್ಲದಿದ್ದರೆ ಶಾರ್ಟ್ ಟರ್ಮ್ ಅಂತ ಹೆದರಬೇಡಿ. ಸ್ಲ್ಯಾಬ್ ಪ್ರಕಾರ ಬೀಳುವ ಲಾಭಕ್ಕೆ ಹೊಸ ಪದ್ಧತಿಯ 12 ಲಕ್ಷದ ರಿಬೇಟ್ ಸಿಗುತ್ತದೆ. 12.5%ರ ಲಾಭಕ್ಕೇ ಅದು ಸಿಗುವುದಿಲ್ಲ.

---

ಬೆಳಗಾವಿ_ಬಸ್ಯಾ

ನನ್ನ ಹೆಸರಲ್ಲೇ ಐತ್ರಿ ಅಕ್ಕಾರ. ಇರಲಿ.

---

ಅಡಿಕೆ_ಗೌಡ

ನನ್ನದೂ ಒಂದು ಪ್ರಶ್ನೆ. ಎರಡು ಎಕರೆ ತೋಟ ಮಾರಬೇಕೆಂದಿದ್ದೇನೆ, ಪಟ್ಟಣ ಪಂಚಾಯಿತಿಯಿಂದ ಹನ್ನೆರಡು ಕಿಲೋಮೀಟರ್. 2024ರಲ್ಲಿ ಕೊಂಡಿದ್ದು. ಎರಡು ವರ್ಷ ಕಾಯಬೇಕಾ?

---

ಲೆಕ್ಕದ_ಪುಸ್ತಕ

ಗೌಡ್ರೇ, ಅಷ್ಟು ದೂರದ ಸಾಗುವಳಿ ಜಮೀನು ಈ ಲೆಕ್ಕಕ್ಕೇ ಬರುವುದಿಲ್ಲ. ಲಾಂಗೂ ಇಲ್ಲ ಶಾರ್ಟೂ ಇಲ್ಲ. ಊರಿನ ಜನಸಂಖ್ಯೆ ನೋಡಿ ಎರಡು, ಆರು, ಎಂಟು ಕಿಲೋಮೀಟರ್ ಎಂದು ಗಡಿ ಇದೆ, ಅದರಾಚೆ ಇದ್ದರೆ ಆಯಿತು. ರಸ್ತೆಯ ಅಳತೆ ಅಲ್ಲ, ಕಾಗೆ ಹಾರುವ ನೇರ ದೂರ. ನಿಮ್ಮ ಹನ್ನೆರಡು ಕಿಲೋಮೀಟರ್ ಘಾಟಿ ರಸ್ತೆಯದಾದರೆ ಒಮ್ಮೆ ಅಳೆಸಿ ನೋಡಿ. ಅಲಿನೇಷನ್ ಮಾಡಿಸಿದ್ದರೆ ಮಾತ್ರ ಈ ಮಾತೆಲ್ಲ ಬಿಟ್ಟುಬಿಡಿ. ಆಗ ಅದು ಕೃಷಿ ಜಮೀನು ಅಲ್ಲ.

---

ಅಡಿಕೆ_ಗೌಡ

ಅಲಿನೇಷನ್ ಇಲ್ಲ. ಥ್ಯಾಂಕ್ಸ್. ಕೊಳೆ ರೋಗಕ್ಕೆ ಔಷಧಿ ಹೊಡೆದು ಹೊಡೆದು ಸಾಕಾಗಿದೆ, ಅದಕ್ಕೇ ಮಾರುತ್ತಿರುವುದು.

---

ಸುಮ್ನೆ_ಬಂದೆ

ಬಳೆ ವಿಷಯ ಯಾರೂ ಹೇಳಲೇ ಇಲ್ಲ. ಮಾರ್ಚ್‌ನಲ್ಲಿ ಕೊಟ್ಟರು ಎಂದರೆ ಎಂಟೇ ತಿಂಗಳು. ಶಾರ್ಟ್ ಟರ್ಮ್. ನಮ್ಮ ಕಡೆ ಚಿನ್ನದ ಅಂಗಡಿಯವರೂ ಹಾಗೇ ಹೇಳುತ್ತಾರೆ.

---

ಗಿರಿಜಕ್ಕ

ಅಂಗಡಿಯವರು ತೂಕ ಹೇಳಲಿ, ತೆರಿಗೆ ಹೇಳುವುದು ಬೇಡ. ಅಮ್ಮ ಕೊಟ್ಟಿದ್ದು ದಾನ. ದಾನ, ವಿಲ್ಲು, ಪಿತ್ರಾರ್ಜಿತ ಇವುಗಳಲ್ಲಿ ಹಿಂದಿನವರು ಇಟ್ಟುಕೊಂಡಿದ್ದ ಕಾಲವೂ ನಮಗೆ ಸೇರುತ್ತದೆ. ಅವರು ಕೊಟ್ಟ ಬೆಲೆಯೇ ನಮ್ಮ ಬೆಲೆ. ಅಮ್ಮ ಬಳೆ ಮಾಡಿಸಿದ್ದು ಯಾವಾಗ?

---

ಹಾಸನದ_ಹುಡುಗ

1996, ಅಕ್ಕನ ನಾಮಕರಣಕ್ಕೆ. ರಸೀತಿ ಎಲ್ಲ ಇಲ್ಲ. ಬಳೆಯ ಒಳಗೆ ಅಂಗಡಿಯ ಮುದ್ರೆ ಇದೆ, ಅರ್ಧ ಸವೆದಿದೆ.

---

ಲೆಕ್ಕದ_ಪುಸ್ತಕ

ಹಾಗಾದರೆ 29 ವರ್ಷದ ಲಾಂಗ್ ಟರ್ಮ್. 2001ಕ್ಕಿಂತ ಹಿಂದಿನದಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಅಸಲು ಎಂದು ಹಿಡಿಯಬಹುದು, ಒಬ್ಬ ನೋಂದಾಯಿತ ವ್ಯಾಲ್ಯುಯರ್ ಹತ್ತಿರ ಬರೆಸಿಕೊಳ್ಳಿ. ಆಗ ಹತ್ತು ಗ್ರಾಂಗೆ ನಾಲ್ಕು ಸಾವಿರ ಚಿಲ್ಲರೆ. ಈಗಿನ ಬೆಲೆಯ ಮುಂದೆ ಅದು ಏನೂ ಅಲ್ಲ, ಮಾರಿದ ದುಡ್ಡು ಹೆಚ್ಚುಕಡಿಮೆ ಪೂರ್ತಿ ಲಾಭ. ಷೇರಿನ ಹಾಗೆ ಮೊದಲ 1,25,000 ಮಾಫಿ ಚಿನ್ನಕ್ಕಿಲ್ಲ, ಅದನ್ನು ನೆನಪಿಡಿ.

ಹಳೆಯ ಬಳೆ ಕೊಟ್ಟು ಹೊಸ ಸರ ತೆಗೆದುಕೊಂಡರೂ ಮಾರಿದ ಹಾಗೆಯೇ. ಕೈಗೆ ದುಡ್ಡು ಬರಲಿಲ್ಲ ಎಂದು ಬಹಳ ಜನ ಇದನ್ನು ಮರೆಯುತ್ತಾರೆ.

---

ಮಸ್ಕತ್_ಕನ್ನಡಿಗ

ಚಿನ್ನದಲ್ಲಿ ಇನ್ನೊಂದು ತಮಾಷೆ. ನನ್ನ ಹತ್ತಿರ ಗೋಲ್ಡ್ ಇಟಿಎಫ್ ಇದೆ, ತಮ್ಮನ ಹತ್ತಿರ ಗೋಲ್ಡ್ ಫಂಡ್ ಇದೆ. ಅವನ ಫಂಡು ಕೊಳ್ಳುವುದು ಅದೇ ಇಟಿಎಫ್. ಹೋದ ಏಪ್ರಿಲ್‌ನಲ್ಲಿ ಇಬ್ಬರೂ ಕೊಂಡೆವು. ನನಗೆ ಹನ್ನೆರಡು ತಿಂಗಳು, ಅವನಿಗೆ ಇಪ್ಪತ್ನಾಲ್ಕು. ನನ್ನದು ಎಕ್ಸ್‌ಚೇಂಜಿನಲ್ಲಿ ಪಟ್ಟಿಯಾಗಿದೆ, ಅವನದ್ದು ಆಗಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮಜ್ಜಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಿದ್ದರು.

---

ಹಾಸನದ_ಹುಡುಗ

ಈಗ ಸೈಟು ಹೇಳಿ ಸಾರ್. ಪಾರ್ಟಿ ದಿನಾ ಫೋನ್ ಮಾಡುತ್ತಿದ್ದಾರೆ. ಆಗಸ್ಟ್ 2023ರ ಅಗ್ರಿಮೆಂಟಿನಿಂದ ಎಣಿಸಿದರೆ 27 ತಿಂಗಳಾಯಿತು. ಆವತ್ತೇ 14 ಲಕ್ಷ ಬ್ಯಾಂಕಿನಲ್ಲಿ ಕೊಟ್ಟಿದ್ದೇನೆ.

---

ಬೆಳಗಾವಿ_ಬಸ್ಯಾ

ಅಗ್ರಿಮೆಂಟಿನಿಂದ ಹಿಡೀರಿ, ನಡೀತೈತಿ. ನಮ್ಮ ಅಳಿಯ ಪ್ರಾಧಿಕಾರದ ಸೈಟ್ ಮಾರಿದಾಗ ಅಲಾಟ್‌ಮೆಂಟ್ ಪತ್ರದ ತಾರೀಖಿನಿಂದಲೇ ಹಿಡಿದಾರ. ನೋಂದಣಿ ಆಗಿದ್ದು ಎಷ್ಟೋ ವರ್ಷ ಆದಮ್ಯಾಲೆ.

---

ಲೆಕ್ಕದ_ಪುಸ್ತಕ

ಅಳಿಯನದ್ದು ಸರಿ. ಪ್ರಾಧಿಕಾರವೋ ಗೃಹ ನಿರ್ಮಾಣ ಮಂಡಳಿಯೋ ಹಂಚಿದ್ದಾದರೆ ಅಲಾಟ್‌ಮೆಂಟ್ ದಿನ ಹಿಡಿಯುವುದಕ್ಕೆ ಆಧಾರ ಇದೆ, 1986ರ ಸುತ್ತೋಲೆಯಿಂದ ಬಂದ ರೂಢಿ. ಹುಡುಗನದ್ದು ಖಾಸಗಿ ವ್ಯಕ್ತಿಯಿಂದ ಕೊಂಡ ಸೈಟು. ಅಗ್ರಿಮೆಂಟ್ ರಿಜಿಸ್ಟರ್ ಆಗಿತ್ತಾ? ಸ್ವಾಧೀನ ಕೊಟ್ಟಿದ್ದರಾ?

---

ಹಾಸನದ_ಹುಡುಗ

ಎರಡೂ ಇಲ್ಲ. 500 ರೂಪಾಯಿಯ ಸ್ಟ್ಯಾಂಪ್ ಪೇಪರ್, ನೋಟರಿ. ಕ್ರಯ ಆದಮೇಲೆಯೇ ಕಲ್ಲು ನೆಟ್ಟಿದ್ದು.

---

ಲೆಕ್ಕದ_ಪುಸ್ತಕ

ಹಾಗಾದರೆ ಜನವರಿ 10, 2024 ಎಂದೇ ಇಟ್ಟುಕೊಳ್ಳಿ. ಅಗ್ರಿಮೆಂಟ್ ದಿನದಿಂದ ಎಣಿಸಬೇಕೆಂದು ವಾದ ಮಾಡಿ ಗೆದ್ದವರಿದ್ದಾರೆ, ಸೋತವರೂ ಇದ್ದಾರೆ. ಒಂದೂವರೆ ತಿಂಗಳು ಕಾದರೆ ವಾದವೇ ಬೇಡ ಎಂದಿರುವಾಗ ಯಾಕೆ ಬೇಕು?

ಲೆಕ್ಕ ನೋಡಿ. ಲಾಭ 9 ಲಕ್ಷ. ನಿಮ್ಮ ಸಂಬಳದ ತೆರಿಗೆ ಲೆಕ್ಕದ ಮೊತ್ತ ಎಷ್ಟು?

---

ಹಾಸನದ_ಹುಡುಗ

ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ ಸರಿಸುಮಾರು 16 ಲಕ್ಷ. ಹೊಸ ಪದ್ಧತಿ.

---

ಲೆಕ್ಕದ_ಪುಸ್ತಕ

ಡಿಸೆಂಬರ್‌ನಲ್ಲಿ ಮಾರಿದರೆ 9 ಲಕ್ಷ ಆ 16ರ ಮೇಲೆ ಕೂರುತ್ತದೆ. 16ರಿಂದ 20ರವರೆಗಿನ 4 ಲಕ್ಷಕ್ಕೆ 20%, 80,000. 20ರಿಂದ 24ರವರೆಗೆ 25%, ಒಂದು ಲಕ್ಷ. ಕೊನೆಯ ಒಂದು ಲಕ್ಷಕ್ಕೆ 30%, 30,000. ಒಟ್ಟು 2,10,000. ಇಪ್ಪತ್ನಾಲ್ಕು ತಿಂಗಳು ದಾಟಿಸಿ ಮಾರಿದರೆ 12.5%, ಅಂದರೆ 1,12,500. ಜುಲೈ 2024ಕ್ಕೆ ಮುಂಚಿನ ಸೈಟಾದ್ದರಿಂದ ಇಂಡೆಕ್ಸೇಷನ್ ಹಾಕಿ 20% ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬಹುದು, ಆದರೆ ನಿಮಗೆ ಅದು ಒಂದೂವರೆ ಲಕ್ಷ ಆಗುತ್ತದೆ. ಬೇಡ.

ಇಷ್ಟೇ ಆಗಿದ್ದರೆ ಒಂದು ಲಕ್ಷದ ಮಾತು. ನಿಮ್ಮ ವಿಷಯದಲ್ಲಿ ಇನ್ನೂ ದೊಡ್ಡದಿದೆ. ನೀವು ಮಾರುತ್ತಿರುವುದೇ ಮನೆ ಕಟ್ಟಲು. ಲಾಂಗ್ ಟರ್ಮ್ ಆಸ್ತಿ ಮಾರಿ ಬಂದ ದುಡ್ಡನ್ನು ಮೂರು ವರ್ಷದೊಳಗೆ ವಾಸದ ಮನೆ ಕಟ್ಟಲು ಹಾಕಿದರೆ 54ಎಫ್ ಅಡಿಯಲ್ಲಿ ತೆರಿಗೆ ಇಲ್ಲ. ಲಾಭದ 9 ಲಕ್ಷ ಹಾಕಿದರೆ ಸಾಲದು, ಖರ್ಚು ಕಳೆದು ಕೈಗೆ ಬಂದ 27 ಲಕ್ಷವೂ ಮನೆಗೆ ಹೋಗಬೇಕು. ಅರ್ಧ ಹಾಕಿದರೆ ಅರ್ಧ ಮಾಫಿ. ಮಾರುವ ದಿನ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ರಿಟರ್ನ್ ಹಾಕುವ ಕೊನೆಯ ದಿನದೊಳಗೆ ಖರ್ಚಾಗದೆ ಉಳಿದದ್ದನ್ನು ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ತೆರೆದು ಇಡಬೇಕು, ಮಾಮೂಲಿ ಎಸ್‌ಬಿ ಖಾತೆಯಲ್ಲಿ ಇಟ್ಟರೆ ಆಗದು.

ಅಂದರೆ ಡಿಸೆಂಬರ್‌ಗೂ ಜನವರಿಗೂ ನಡುವೆ ಇರುವುದು 2,10,000 ಮತ್ತು ಸೊನ್ನೆ. ಬಳೆಗೂ, ಆ ಜನವರಿ 2023ರ ಡೆಟ್ ಫಂಡಿಗೂ ಇದೇ ದಾರಿ ಇದೆ. ಎಸ್‌ಐಪಿ ಯೂನಿಟ್ಟಿಗೂ, ಹೋದ ಶುಕ್ರವಾರದ ಷೇರಿಗೂ ಇಲ್ಲ, ಅವು ಶಾರ್ಟ್ ಟರ್ಮ್.

---

ಸುಮ್ನೆ_ಬಂದೆ

ಆ ಶುಕ್ರವಾರ ದುಬಾರಿ ಆಗುತ್ತಲೇ ಇದೆ 😂

---

ಮಸ್ಕತ್_ಕನ್ನಡಿಗ

ನನ್ನಂಥವರಿಗೆ ಒಂದು ಮಾತು. ಆ ಇಂಡೆಕ್ಸೇಷನ್ ಆಯ್ಕೆ ಇಲ್ಲಿ ವಾಸವಿರುವವರಿಗೆ ಮಾತ್ರ. ಎನ್‌ಆರ್‌ಐಗಳಿಗೆ ಇಲ್ಲ. ನಮ್ಮ ಹಳೆಯ ಸೈಟಿಗೆ ಅದರಿಂದ ಉಳಿಯುತ್ತಿತ್ತು, ಸಿಗಲಿಲ್ಲ.

---

ಅಡಿಕೆ_ಗೌಡ

ಮನೆ ಕೆಲಸ ಆಗಲೇ ಶುರು ಮಾಡಿದ್ದರೆ? ಪಾಯ ಹಾಕಿಬಿಟ್ಟಿದ್ದರೆ 54ಎಫ್ ಸಿಗಲ್ಲ ಎಂದು ನಮ್ಮ ಆಡಿಟರ್ ಹೇಳುತ್ತಿದ್ದರು.

---

ಲೆಕ್ಕದ_ಪುಸ್ತಕ

ಮಾರಿದ ಮೇಲೆ ಮೂರು ವರ್ಷದೊಳಗೆ ಮುಗಿದರೆ ಸಾಕು, ಶುರು ಯಾವಾಗ ಆಯಿತು ಎಂಬುದು ಮುಖ್ಯವಲ್ಲ ಎಂದು ಹೇಳಿದ ತೀರ್ಪುಗಳಿವೆ. ಆದರೆ ಮಾರುವ ಮುಂಚೆಯೇ ಸುರಿದ ದುಡ್ಡು ಲೆಕ್ಕಕ್ಕೆ ಬರುತ್ತದೆಯೇ ಎಂಬ ಜಗಳ ಬೇರೆ. ನಿಮ್ಮ ಆಡಿಟರ್ ಹುಷಾರಿನ ಮನುಷ್ಯ ಎನ್ನುತ್ತೇನೆ, ತಪ್ಪು ಎನ್ನುವುದಿಲ್ಲ.

---

ಗಿರಿಜಕ್ಕ

ತಮ್ಮಾ, ಪಾರ್ಟಿಗೆ ತೆರಿಗೆ ಕಥೆ ಹೇಳಬೇಡ. ಹೇಳಿದರೆ ನಿನ್ನ ಅಗತ್ಯ ಗೊತ್ತಾಗಿ ಬೆಲೆ ಇಳಿಸುತ್ತಾರೆ. ಡಿಸೆಂಬರ್ 16ಕ್ಕೆ ಧನುರ್ಮಾಸ ಶುರು. ಅಷ್ಟರಲ್ಲಿ ಇ-ಖಾತಾ ಕೈಗೆ ಬರುವುದು ಕಷ್ಟ, ಧನುರ್ಮಾಸದಲ್ಲಿ ಕ್ರಯ ಬೇಡ, ಸಂಕ್ರಾಂತಿ ಆದಮೇಲೆ ಇಟ್ಟುಕೊಳ್ಳೋಣ ಅನ್ನು. ಜನವರಿ 10 ತಾನಾಗಿ ದಾಟುತ್ತದೆ. ಹಿರಿಯರಿದ್ದರೆ ಅವರೇ ಹೂಂ ಅನ್ನುತ್ತಾರೆ.

---

ಬೆಳಗಾವಿ_ಬಸ್ಯಾ

ಅಕ್ಕಾರು ಆಡಿಟರ್ ಆಗಬೇಕಿತ್ತು.

---

ಸುಮ್ನೆ_ಬಂದೆ

ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತಂತಲ್ಲ? ಆಮೇಲೆ ಇದೆಲ್ಲ ಬದಲಾಗುತ್ತಾ?

---

ಲೆಕ್ಕದ_ಪುಸ್ತಕ

ಸೆಕ್ಷನ್ ನಂಬರುಗಳು ಬದಲಾಗುತ್ತವೆ. ಹನ್ನೆರಡು, ಇಪ್ಪತ್ನಾಲ್ಕು ಹಾಗೆಯೇ ಇವೆ.

---

ಹಾಸನದ_ಹುಡುಗ · 24 ನವೆಂಬರ್ 2025

ಅಪ್‌ಡೇಟ್. ನಷ್ಟದ ಷೇರು ಮಾರಿದೆ. ಡೆಟ್ ಫಂಡಿನಲ್ಲಿ ಹಳೆಯ ಯೂನಿಟ್ ಮಾತ್ರ ತೆಗೆದೆ. ಸೈಟಿನ ಪಾರ್ಟಿಯ ತಂದೆ ಧನುರ್ಮಾಸ ಎಂದ ತಕ್ಷಣ ಒಪ್ಪಿಕೊಂಡರು, ಗಿರಿಜಕ್ಕನಿಗೆ ದೊಡ್ಡ ನಮಸ್ಕಾರ. ಸಂಕ್ರಾಂತಿ ಕಳೆದು 19ನೇ ತಾರೀಖು ಸೋಮವಾರ ಕ್ರಯ. ಎರಡು ಲಕ್ಷ ಮುಂಗಡ ಬ್ಯಾಂಕಿಗೆ ಹಾಕಿದ್ದಾರೆ.

ಒಂದೇ ಒಂದು. ಅಗ್ರಿಮೆಂಟ್ ರಿಜಿಸ್ಟರ್ ಮಾಡಿಕೊಡಿ, ಈಗಲೇ ಬೇಲಿ ಹಾಕಿ ಬೋರ್ ಕೊರೆಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಬೇಲಿ ತಾನೇ, ಹಾಕಿಕೊಳ್ಳಲಿ ಅಲ್ವಾ?

---

ಲೆಕ್ಕದ_ಪುಸ್ತಕ

ಬೇಡ! ರಿಜಿಸ್ಟರ್ ಆದ ಅಗ್ರಿಮೆಂಟ್ ಜೊತೆ ಸ್ವಾಧೀನ ಬಿಟ್ಟುಕೊಟ್ಟರೆ ಆ ದಿನವೇ ಮಾರಿದ ಹಾಗೆ ಲೆಕ್ಕ. ಕ್ರಯಪತ್ರ ಜನವರಿಯದ್ದಾದರೂ ಮಾರಾಟ ನವೆಂಬರ್‌ನದ್ದು ಎಂದಾಗುತ್ತದೆ. ಮತ್ತೆ 22 ತಿಂಗಳಿಗೆ ಬಂದು ನಿಂತಿರಿ. ಸ್ವಾಧೀನ ಸಹಿತ ಅಗ್ರಿಮೆಂಟಿಗೆ ಅವರೂ ಕ್ರಯದಷ್ಟೇ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು, ಅದನ್ನು ಹೇಳಿ. ಅವರೇ ಸುಮ್ಮನಾಗುತ್ತಾರೆ. ಮುಂಗಡದ ಕರಾರಿನಲ್ಲಿ ಸ್ವಾಧೀನ ಕ್ರಯದ ದಿನ ಕೊಡಲಾಗುವುದು ಎಂದು ಒಂದು ಸಾಲು ಬರೆಸಿ.

---

ಗಿರಿಜಕ್ಕ

ಬೋರ್ ಕೂಡ ಸಂಕ್ರಾಂತಿ ಆದಮೇಲೆ ಕೊರೆಸಿದರೇನೇ ನೀರು ಬರುವುದು ಅನ್ನು.